ಎರಡನೇದು ಅಂದ್ರೆ ಯಾವುದು?

ನಾನು ಪುಸ್ತಕಗಳ ಮುಖಪುಟ ಮತ್ತು ಒಳಪುಟಗಳನ್ನು ಜೋಡಿಸುವ ಕೆಲಸ ಮಾಡುತ್ತೇನೆ. ಚಿತ್ರಗಳು ಬರುವುದು ಹೆಚ್ಚಾಗಿ ಫೋನಿಗೆ, ಐದೋ ಹತ್ತೋ ಒಟ್ಟಿಗೆ. ಅವುಗಳ ಹಿಂದೆಯೇ ಒಂದು ಸಾಲು ಬರುತ್ತದೆ: "ಎರಡನೇದು ಹಾಕಿ." ಈ ಸಾಲನ್ನು ನಾನು ವರ್ಷಗಟ್ಟಲೆ ಅನುಮಾನವಿಲ್ಲದೆ ನಂಬಿದ್ದೆ. ಎರಡು ಅಂದರೆ ಎರಡು, ಅದರಲ್ಲಿ ಕೇಳುವುದೇನಿದೆ ಅಂತ.

ಒಂದು ಸಲ ಒಬ್ಬ ಲೇಖಕರು ಮುಖಪುಟಕ್ಕೆಂದು ಏಳು ಚಿತ್ರ ಕಳಿಸಿದರು. ಏಳೂ ಒಂದೇ ಮೆಟ್ಟಿಲು, ಮೇಲ್ಗಡೆ ಒಂದೇ ಬಾಗಿಲು. ಕೆಲವದರಲ್ಲಿ ಬಾಗಿಲು ಮುಚ್ಚಿದೆ, ಕೆಲವದರಲ್ಲಿ ಸ್ವಲ್ಪ ತೆರೆದಿದೆ, ಬೆಳಕು ಒಂದಿಷ್ಟು ಆಚೀಚೆ. "ಎರಡನೇದು ಚೆನ್ನಾಗಿದೆ" ಎಂದರು. ನಾನು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಫೋಲ್ಡರಿನಲ್ಲಿ ಎರಡನೆಯದನ್ನು ತೆಗೆದು, ಅರ್ಧ ದಿನ ಕೂತು ಮುಖಪುಟ ಮಾಡಿ ಕಳಿಸಿದೆ.

"ಇದಲ್ಲ, ನಾನು ಹೇಳಿದ್ದು ಎರಡನೇದು."

"ಇದೇ ಎರಡನೇದು ಸರ್."

"ಇಲ್ಲಪ್ಪ, ಬಾಗಿಲು ಸ್ವಲ್ಪ ತೆರೆದಿರೋದು."

ಆಮೇಲೆ ಫೋನಿನಲ್ಲಿ ಮಾತಾಡುತ್ತಾ ಒಂದೊಂದೇ ಬಿಡಿಸಿ ನೋಡಿದೆವು. ನನ್ನ ಫೋಲ್ಡರಿನಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ ಅನ್ನುವ ಜೋಡಣೆ ಇತ್ತು. ಏಳನೆಯದಾಗಿ ಇಳಿದದ್ದು ಮೊದಲು ಕಾಣುತ್ತಿತ್ತು. ಹಾಗಾಗಿ ನಾನು ತೆಗೆದ "ಎರಡನೇದು" ಅವರು ಕಳಿಸಿದ ಆರನೆಯದು. ಸರಿ, ತಪ್ಪು ನನ್ನದೇ ಅಂದುಕೊಂಡು ಚಾಟ್‌ನಲ್ಲಿ ಬಂದ ಕ್ರಮದಲ್ಲಿ ಎರಡನೆಯದನ್ನು ತೆರೆದೆ. ಅದರಲ್ಲೂ ಬಾಗಿಲು ಮುಚ್ಚಿತ್ತು!

ಅವರ ಲೆಕ್ಕ ಬೇರೆಯೇ ಇತ್ತು. ಚಾಟ್‌ನಲ್ಲಿ ಒಟ್ಟಿಗೆ ಬಂದ ಚಿತ್ರಗಳು ನಾಲ್ಕು ಮನೆಯ ಚೌಕವಾಗಿ ಕಾಣುತ್ತವಲ್ಲ, ಮೇಲೆ ಎರಡು, ಕೆಳಗೆ ಎರಡು, ಉಳಿದವು ಕೊನೆಯ ಮನೆಯ ಹಿಂದೆ ಅಡಗಿ? ಅಲ್ಲಿ ಕ್ರಮ ಎಡದಿಂದ ಬಲಕ್ಕೆ ಹೋಗುತ್ತದೆ, ಆಮೇಲೆ ಕೆಳಗೆ. ಅವರು ಓದಿದ್ದು ಮೇಲಿನಿಂದ ಕೆಳಕ್ಕೆ. ಮೊದಲನೆಯದರ ಕೆಳಗಿನದು ಅವರ ಎರಡನೆಯದು. ಕಳಿಸಿದ ಕ್ರಮದಲ್ಲಿ ಅದು ಮೂರನೆಯದು. ಒಂದೇ ಮಾತಿಗೆ ಮೂರು ಚಿತ್ರ: ಎರಡು, ಮೂರು, ಆರು. ಯಾರೂ ಎಣಿಸುವುದರಲ್ಲಿ ತಪ್ಪಿರಲಿಲ್ಲ. ಎಲ್ಲಿಂದ ಎಣಿಸಬೇಕು, ಯಾವ ಕಡೆಗೆ ಎಣಿಸಬೇಕು ಅನ್ನುವುದನ್ನು ಯಾರೂ ಹೇಳಿರಲಿಲ್ಲ, ಅಷ್ಟೇ.

ಅವತ್ತಿನಿಂದ ನಾನು ಮಾತುಗಳನ್ನೂ ಗಮನಿಸತೊಡಗಿದೆ. "ಮೊದಲನೇದು" ಅನ್ನುವುದು ಒಂದು, "ಮೊದಲು ಕಳಿಸಿದ್ದು" ಅನ್ನುವುದು ಇನ್ನೊಂದು. ನಿನ್ನೆ ನಾಲ್ಕು, ಇವತ್ತು ಮೂರು ಚಿತ್ರ ಬಂದಿದ್ದರೆ "ಮೊದಲು ಕಳಿಸಿದ್ದು" ಅಂದಾಗ ನಿನ್ನೆಯ ನಾಲ್ಕೂ ಆಗಬಹುದು. "ಎರಡು ಹಾಕಿ" ಅಂದರೆ ಎರಡನೇ ಚಿತ್ರವೋ ಎರಡು ಚಿತ್ರವೋ, ಬರಹದಲ್ಲಿ ತಿಳಿಯುವುದೇ ಇಲ್ಲ. ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು "ಅದರ ಹಿಂದಿನದು". ಹೇಳುವವರು ಪರದೆಯನ್ನು ಸರಿಸುತ್ತಾ ಕೂತಿರುತ್ತಾರೆ. ಹೊಸ ಚಿತ್ರ ಮೊದಲು ಕಾಣುವ ಗ್ಯಾಲರಿಯಲ್ಲಿ ಅವರು ಮುಂದಕ್ಕೆ ಸರಿಸಿದಷ್ಟೂ ಕಾಲ ಹಿಂದಕ್ಕೆ ಹೋಗುತ್ತದೆ. ಅವರ "ಹಿಂದಿನದು" ಆಗಲೇ ನೋಡಿ ದಾಟಿದ್ದೋ, ಮುಂಚೆ ತೆಗೆದಿದ್ದೋ? ಈ ಮಾತು ಬಂದರೆ ನಾನು ಊಹಿಸಲು ಹೋಗುವುದಿಲ್ಲ, ಕೇಳಿಬಿಡುತ್ತೇನೆ.

ಕೇಳುವ ರೀತಿಯೂ ಮುಖ್ಯ. "ಎರಡನೇದಾ?" ಅಂತ ಕೇಳಿದರೆ "ಹೌದು" ಅಂತಲೇ ಉತ್ತರ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಚಿತ್ರದೊಳಗಿನ ಒಂದು ಗುರುತು ಹೇಳಿ ಕೇಳುತ್ತೇನೆ: "ಬಾಗಿಲು ತೆರೆದಿರೋದು, ಎಡಗಡೆ ಗೋಡೆಗೆ ನೆರಳು ಬಿದ್ದಿರೋದು, ಅದೇ ಅಲ್ವಾ?" ಉಳಿದವುಗಳಲ್ಲಿ ಇಲ್ಲದ ಗುರುತೇ ಆಗಬೇಕು. ಮೆಟ್ಟಿಲು ಇರೋದು ಅಂದರೆ ಪ್ರಯೋಜನವಿಲ್ಲ, ಏಳರಲ್ಲೂ ಮೆಟ್ಟಿಲಿದೆ. ಎರಡು ಮೂರು ಚಿತ್ರ ಇದ್ದರೆ ಇಷ್ಟು ಸಾಕು. ಅಥವಾ ಅವರು ಆ ಒಂದು ಚಿತ್ರವನ್ನು ತೆರೆದು ಅದಕ್ಕೇ ಉತ್ತರ ಬರೆದರೆ ಆಯಿತು, ಮಾತಿನ ಜೊತೆ ಚಿತ್ರವೂ ಚಿಕ್ಕದಾಗಿ ಬರುತ್ತದೆ, ಎಣಿಸುವ ಗೋಜೇ ಇಲ್ಲ.

ಚಿತ್ರಗಳು ಜಾಸ್ತಿ ಇದ್ದಾಗ ಬೇರೆ ದಾರಿ. ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ, ಪ್ರತಿ ಚಿತ್ರದ ಕೆಳಗೆ ಅದರ ಹೆಸರು ಬರುವ ಹಾಗೆ ಒಂದೇ ಹಾಳೆ ಮಾಡಿ ಅವರಿಗೇ ವಾಪಸ್ ಕಳಿಸುತ್ತೇನೆ. ಇಮೇಜ್‌ಮ್ಯಾಜಿಕ್ ಅನ್ನುವ ಸಾಫ್ಟ್‌ವೇರ್ ಇದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ:

```
montage -label '%t' *.jpg -tile 3x -geometry 400x400+8+8 ../hale.jpg
```

ಸಾಲಿಗೆ ಮೂರರಂತೆ ಚಿತ್ರಗಳು ಕೂರುತ್ತವೆ, `%t` ಇರುವಲ್ಲಿ ಫೈಲಿನ ಹೆಸರು ಬರುತ್ತದೆ. ಹಾಳೆಯನ್ನು ಫೋಲ್ಡರಿನ ಹೊರಗೆ ಉಳಿಸುವುದಕ್ಕೆ ಕಾರಣವಿದೆ. ಒಳಗೇ ಉಳಿಸಿದರೆ ಮುಂದಿನ ಸಲ ಆ ಹಾಳೆಯೂ ಒಂದು ಚಿತ್ರವಾಗಿ ಸಾಲಿನಲ್ಲಿ ಬಂದು ಕೂತಿರುತ್ತದೆ. ನನಗೆ ಒಮ್ಮೆ ಹಾಗಾಗಿ, ಹಾಳೆಯೊಳಗೆ ಪುಟ್ಟ ಹಾಳೆ ಕಂಡು ನಗು ಬಂತು.

ಹೆಸರಿಡುವಾಗ ನಾನು 1, 2, 3 ಬಳಸುವುದಿಲ್ಲ. ಇದು ಸುಮ್ನೆ ಹಠ ಅಲ್ಲ. 3 ಅಂತ ಹೆಸರಿಟ್ಟ ಚಿತ್ರ ಎಲ್ಲೋ ಎರಡನೇ ಜಾಗದಲ್ಲಿ ಕಂಡರೆ ಮತ್ತೆ ಅದೇ ಗೊಂದಲ. ಹಾಗೆ ಕಾಣುವುದೂ ಅಪರೂಪವೇನಲ್ಲ. ಹೆಸರನ್ನು ಬರೀ ಅಕ್ಷರಗಳ ಸಾಲಾಗಿ ನೋಡಿ ಜೋಡಿಸುವ ಕಡೆ ಹೀಗೆ ಬರುತ್ತದೆ:

```
IMG_1.jpg
IMG_10.jpg
IMG_2.jpg
```

ಹತ್ತನೆಯದು ಎರಡನೇ ಜಾಗಕ್ಕೆ ಬಂದುಬಿಟ್ಟಿತು. 01, 02 ಅಂತ ಸೊನ್ನೆ ಸೇರಿಸಿದರೆ ಇದು ಸರಿಹೋಗುತ್ತದೆ, ನಿಜ. ಆದರೂ ಒಂದು ಚಿತ್ರ ಬೇಡ ಅಂತ ತೆಗೆದ ಮೇಲೆ 05 ನಾಲ್ಕನೆಯದಾಗಿ ನಿಲ್ಲುತ್ತದೆ. ಅದಕ್ಕೇ ನಾನು 412, 427, 438 ಅನ್ನುವಂಥ ಅಂಕಿ ಇಡುತ್ತೇನೆ, ಹೆಚ್ಚಾಗಿ ಕ್ಯಾಮೆರಾ ಕೊಟ್ಟ ಅಂಕಿಯ ಕೊನೆಯ ಮೂರು. "427 ಹಾಕಿ" ಅಂದರೆ ಅದು ಎಷ್ಟನೆಯದು ಅಂತ ಯಾರೂ ಎಣಿಸುವುದಿಲ್ಲ, ಹೆಸರು ಹುಡುಕುತ್ತಾರೆ. ಒಂದೇ ಎಚ್ಚರ: ಕೊನೆಯ ಮೂರಂಕಿ ಸಾವಿರ ಚಿತ್ರಕ್ಕೊಮ್ಮೆ ಮತ್ತೆ ಅದೇ ಬರುತ್ತದೆ, ಬೇರೆ ಬೇರೆ ದಿನದ ಚಿತ್ರಗಳಲ್ಲಿ ಒಂದೇ ಮೂರಂಕಿ ಸಿಗಬಹುದು. ಸಿಕ್ಕರೆ ಒಂದನ್ನು ಬದಲಿಸುತ್ತೇನೆ.

ಗುಂಪಿನ ಚಿತ್ರಗಳಲ್ಲಿ ನಮ್ಮ ಭಾಷೆಯೇ ಸಹಾಯಕ್ಕೆ ಬರುತ್ತದೆ. "ಎರಡನೇದು" ಅಂದರೆ ಚಿತ್ರ, "ಎರಡನೆಯವರು" ಅಂದರೆ ಚಿತ್ರದೊಳಗಿನ ಜನ. ಕೇಳಿದ ಕೂಡಲೇ ತಿಳಿಯುತ್ತದೆ. ಇದನ್ನೇ ನಂಬಿಕೊಂಡು ಹಾಯಾಗಿದ್ದೆ. ಈಚೆಗೆ ಒಬ್ಬರು ಮನೆಯವರ ಐದು ಚಿತ್ರ ಕಳಿಸಿ "ಎರಡನೇದು ಸ್ವಲ್ಪ ಬೆಳ್ಳಗೆ ಮಾಡಿ, ಕಪ್ಪಗೆ ಬಂದಿದೆ" ಎಂದು ಬರೆದರು. 427 ತೆಗೆದು ಇಡೀ ಚಿತ್ರಕ್ಕೆ ಬೆಳಕು ಹೆಚ್ಚಿಸಿ ಕಳಿಸಿದೆ. ಅವರು ಹೇಳಿದ್ದು ಮೊದಲ ಚಿತ್ರದಲ್ಲಿ ನೆರಳಿನಲ್ಲಿ ನಿಂತ ತಮ್ಮ ಎರಡನೇ ಮಗುವಿನ ಬಗ್ಗೆ.