ಫೋಟೋ ಹೋದರೂ ಗೇಜಿನ ರೀಡಿಂಗ್ ಉಳಿಯಬೇಕಾದರೆ

ಬ್ಯಾಡಗಿ ಕಡೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅಮೋನಿಯಾ ಪ್ಲಾಂಟ್ ರಿಪೇರಿ ನನ್ನ ಕೆಲಸ. ಇರೋದು ಹುಬ್ಬಳ್ಳಿಯಲ್ಲಿ, ಹಾಗಾಗಿ ಅಲ್ಲಿನ ಆಪರೇಟರ್ ಹುಡುಗರು ಗೇಜಿನ ಫೋಟೋ ತೆಗೆದು ಕಳಿಸುತ್ತಾರೆ. ಫೋನ್ ತುಂಬಿತು ಅಂತ ಯಾರೋ ಅಳಿಸಿದರೆ ಮುಗೀತು, ರಿಜಿಸ್ಟರಿನಲ್ಲಿ ಒಂದು ಅಂಕಿ ಮಾತ್ರ ಉಳಿಯುತ್ತದೆ. ಆ ಅಂಕಿಯನ್ನು ಎಷ್ಟು ನಂಬಬೇಕು ಅನ್ನೋದೇ ತಲೆನೋವು.

ಒಮ್ಮೆ ಹೀಗೇ ಆಯಿತು. ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳೋ ಕಡೆಯ ಪ್ರೆಷರ್ ತೋರಿಸೋ ಸಕ್ಷನ್ ಗೇಜಿನ ಮುಂದೆ ರಿಜಿಸ್ಟರಿನಲ್ಲಿ 2.3 ಕೆಜಿ ಅಂತ ಬರೆದಿತ್ತು. ಆ ಪ್ರೆಷರಿನಲ್ಲಿ ಅಮೋನಿಯಾ ಕುದಿಯೋದು ಸುಮಾರು ಮೈನಸ್ 7 ಡಿಗ್ರಿಗೆ. ಅಲ್ಲಿ ಯಾವಾಗಲೂ ಇರೋದು ಮೈನಸ್ 5ರ ಹತ್ತಿರ. ಚೇಂಬರ್ ಟೆಂಪರೇಚರ್ ಬದಲಾಗದೆ ಸಕ್ಷನ್ ಮಾತ್ರ ಇಳಿದರೆ ಕಾಯಿಲ್ ಮೇಲೆ ಐಸ್ ಕಟ್ಟಿದೆಯೋ, ಗ್ಯಾಸ್ ಸಾಲುತ್ತಿಲ್ಲವೋ ಅಂತ ಹುಡುಕಬೇಕು. ಹೊರಡೋ ಮೊದಲು ಹಳೇ ಮೆಸೇಜ್ ತೆಗೆದು ನೋಡಿದೆ. ಫೋಟೋ ಇರಲಿಲ್ಲ, ಅದರ ಕೆಳಗೆ ಹುಡುಗ ಬರೆದ ಸಾಲು ಇತ್ತು: "ಅಣ್ಣಾರ, ಮುಳ್ಳು ಎರಡು ದಾಟಿ ಮೂರನೇ ಗೆರಿ ಮ್ಯಾಲ ಐತ್ರಿ. ಕೆಂಪು ಸುತ್ತಿನ್ಯಾಗ ಮೈನಸ್ ಐದು."

ಅಲ್ಲೇ ಉತ್ತರ ಸಿಕ್ಕಿತು. ಆ ಡಯಲ್‌ನಲ್ಲಿ 2ಕ್ಕೂ 3ಕ್ಕೂ ನಡುವೆ ನಾಲ್ಕು ಸಣ್ಣ ಗೆರೆ, ಅಂದರೆ ಐದು ಮನೆ. ಒಂದು ಮನೆಗೆ 0.2 ಕೆಜಿ. ಮೂರನೇ ಗೆರೆ ಅಂದರೆ 2.6, ಅದೇ ಮೈನಸ್ 5. ಮೂರು ಗೆರೆ ಇದ್ದದ್ದಕ್ಕೆ ಅವನು ಪಾಯಿಂಟ್ ಮೂರು ಅಂತ ಬರೆದುಕೊಂಡಿದ್ದ, ಅಷ್ಟೇ. ಪ್ಲಾಂಟ್ ಚೆನ್ನಾಗೇ ಇತ್ತು.

ಅದಕ್ಕೇ ಈಗ ನಾನು ಹೇಳೋದು, ಲೆಕ್ಕ ಮಾಡಬೇಡಿ, ಕಂಡದ್ದನ್ನು ಬರೆಯಿರಿ. ಮುಳ್ಳಿನ ಹಿಂದೆ ಮುಂದೆ ಯಾವ ಅಂಕಿ ಇದೆ, ನಡುವೆ ಎಷ್ಟು ಮನೆ, ಮುಳ್ಳು ಎಷ್ಟನೇ ಗೆರೆ ಮೇಲೆ. ಅಮೋನಿಯಾ ಗೇಜಿನಲ್ಲಿ ಒಂದೇ ಮುಳ್ಳು ಪ್ರೆಷರನ್ನೂ ತೋರಿಸುತ್ತದೆ, ಅದಕ್ಕೆ ಸರಿಯಾದ ಗ್ಯಾಸಿನ ಡಿಗ್ರಿಯನ್ನೂ ತೋರಿಸುತ್ತದೆ. ಎರಡನ್ನೂ ಬರೆದರೆ ಒಂದರ ತಪ್ಪನ್ನು ಇನ್ನೊಂದು ಹಿಡಿಯುತ್ತದೆ. ಆದರೆ ಆ ಡಿಗ್ರಿ ಚೇಂಬರಿನದ್ದಲ್ಲ, ಚೇಂಬರಿನದ್ದು ಬೇರೆ ಬರೆಯಬೇಕು. ಸ್ಕೇಲ್ ಕೆಜಿಯೋ ಪಿಎಸ್‌ಐಯೋ ಅನ್ನೋದೂ ಬೇಕು, ಕೆಲವು ಗೇಜಿನಲ್ಲಿ ಎರಡೂ ಇರುತ್ತವೆ. ಓರೆಯಾಗಿ ನಿಂತು ನೋಡಿದರೆ ಮುಳ್ಳು ಪಕ್ಕದ ಗೆರೆ ಮೇಲೆ ಇದ್ದ ಹಾಗೆ ಕಾಣುತ್ತದೆ, ನೇರ ಎದುರು ನಿಲ್ಲಬೇಕು.

ಮುಳ್ಳು ನಡುಗುತ್ತಿದ್ದರೆ ಸುಮ್ನೆ ಮಧ್ಯದ ಅಂಕಿ ಹಾಕೋದು ನನಗೆ ಇಷ್ಟವಿಲ್ಲ. ಎಲ್ಲಿಂದ ಎಲ್ಲಿಗೆ ಅಲ್ಲಾಡುತ್ತಿದೆ ಅಂತ ಎರಡೂ ತುದಿ ಬೇಕು. ಮಷೀನ್ ಓಡುತ್ತಿತ್ತೋ ನಿಂತಿತ್ತೋ ಅನ್ನೋದು ಅದಕ್ಕಿಂತ ಜಾಸ್ತಿ ಮುಖ್ಯ. ನಿಲ್ಲಿಸಿದ ಮೇಲೆ ಸಕ್ಷನ್ ಮುಳ್ಳು ನಿಧಾನಕ್ಕೆ ಮೇಲೇರಬೇಕು. ನಿಂತಲ್ಲೇ ನಿಂತಿದೆ ಅಂತ ಬರೆದಿದ್ದರೆ ನಾನು ಮೊದಲು ನೋಡೋದು ಗೇಜಿನ ಕಾಕ್ ಮುಚ್ಚಿದೆಯಾ ಅಂತ.