ಅಳಿಸಿದ ಕುರ್ಚಿ ಮತ್ತೆ ಬೇಕೆಂದಾಗ: ಫೋಟೊಶಾಪ್ ಫೈಲನ್ನು ಮೊದಲೇ ಹೇಗೆ ಕಟ್ಟಿಕೊಳ್ಳುವುದು

ಶಿರಸಿ ಕಡೆಯ ಒಂದು ತೋಟದ ಮನೆ. ಅದನ್ನು ಹೋಮ್‌ಸ್ಟೇ ಮಾಡಲು ಹೊರಟಿದ್ದ ಮಾಲೀಕರಿಗೆ ಜಗಲಿಯ ಫೋಟೊ ತೆಗೆದುಕೊಟ್ಟಿದ್ದೆ. ನೋಡಿದವರು ಮೂರು ವಸ್ತು ಕಾಣಬಾರದು ಎಂದರು: ಮಾಡಿನ ಅಂಚಿಗೆ ಜೋತುಬಿದ್ದ ಕರೆಂಟಿನ ವೈರು, ಕಂಬಕ್ಕೆ ಒರಗಿಸಿದ್ದ ಸೈಕಲ್ಲು, ಅದರ ಪಕ್ಕದಲ್ಲಿದ್ದ ಹಳೆಯ ಆರಾಮಕುರ್ಚಿ. ಮೂರನ್ನೂ ಅಳಿಸಿ, ಬಣ್ಣ ತಿದ್ದಿ ಕೊಟ್ಟೆ. ನಾಲ್ಕು ತಿಂಗಳ ಮೇಲೆ ಅವರದೇ ಫೋನ್. "ಸರ್, ಆ ಕುರ್ಚಿ ವಾಪಸ್ ತರೋಕಾಗ್ತದಾ? ಅಜ್ಜ ಕೂರ್ತಿದ್ದ ಕುರ್ಚಿ ಅದು. ಫೋಟೊದಲ್ಲಿ ಇಲ್ಲ ಅಂತ ಆಯಿಗೆ ಬೇಜಾರು. ವೈರು, ಸೈಕಲ್ಲು ಮಾತ್ರ ಬೇಡ."

ಮೂಲ ಫೋಟೊ ನನ್ನ ಹತ್ತಿರ ಇದ್ದೇ ಇತ್ತು. ಆದರೆ ಮೂಲ ಇದ್ದರೆ ಸಾಲದು. ಅದರಲ್ಲಿ ವೈರೂ ಇದೆ, ಸೈಕಲ್ಲೂ ಇದೆ. ಆಮೇಲೆ ಮಾಡಿದ ಬಣ್ಣದ ಕೆಲಸ, ವಾಲಿದ ಕಂಬಗಳನ್ನು ನೆಟ್ಟಗೆ ಮಾಡಿದ್ದು ಯಾವುದೂ ಇಲ್ಲ. ಮೂರರಲ್ಲಿ ಒಂದು ಮಾತ್ರ ಮರಳಬೇಕು, ಉಳಿದದ್ದೆಲ್ಲ ಗಿರಾಕಿ ಒಪ್ಪಿದ ಹಾಗೆಯೇ ಇರಬೇಕು ಎಂದರೆ ಅಳಿಸುವ ದಿನವೇ ಫೈಲನ್ನು ಅದಕ್ಕೆ ತಕ್ಕಂತೆ ಕಟ್ಟಿರಬೇಕು. ಆ ಕ್ರಮವನ್ನು ಇದೇ ಜಗಲಿಯ ಫೋಟೊ ಇಟ್ಟುಕೊಂಡು ಹೇಳುತ್ತೇನೆ. ಈ ಕ್ರಮ ನಿಂತಿರುವುದು ಸ್ಮಾರ್ಟ್ ಆಬ್ಜೆಕ್ಟ್ ಎಂಬ ಸೌಲಭ್ಯದ ಮೇಲೆ. ಅದು ಫೋಟೊಶಾಪ್‌ಗೆ ಬಂದದ್ದು 2005ರ CS2 ಆವೃತ್ತಿಯಲ್ಲಿ. ಹಾಗಾಗಿ ಮುಖ್ಯ ಕ್ರಮಕ್ಕೆ ತೀರಾ ಹೊಸ ಆವೃತ್ತಿಯೇ ಬೇಕೆಂದಿಲ್ಲ.

ಅಡಿಪಾಯ: ರಾ ಫೈಲ್

ಸ್ಮಾರ್ಟ್ ಆಬ್ಜೆಕ್ಟ್ ಎಂದರೆ ಲೇಯರಿನ ಹೊಟ್ಟೆಯಲ್ಲಿ ಇಡೀ ಇನ್ನೊಂದು ಫೈಲ್ ಇದ್ದಂತೆ. ಹೊರಗೆ ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಒಳಗಿನ ಪಿಕ್ಸೆಲ್ಲುಗಳು ಇದ್ದಂತೆಯೇ ಇರುತ್ತವೆ.

ರಾ ಫೈಲನ್ನು Camera Raw ಕಿಟಕಿಯಲ್ಲಿ ತೆರೆದು 16 ಬಿಟ್‌ಗೆ ಇಟ್ಟುಕೊಳ್ಳಿ. ಲೆನ್ಸಿನ ಬಾಗು ಸರಿಪಡಿಸುವುದು, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್ ಎಲ್ಲ ಇಲ್ಲೇ ಮುಗಿಯಲಿ. ಬಳಿಕ Shift ಒತ್ತಿ ಹಿಡಿದರೆ Open ಬಟನ್ ಸ್ಮಾರ್ಟ್ ಆಬ್ಜೆಕ್ಟ್ ಆಗಿ ತೆರೆಯುವ ಬಟನ್ ಆಗಿ ಬದಲಾಗುತ್ತದೆ. ಅದನ್ನು ಒತ್ತಿ.

ಈ ಹಂತದಲ್ಲಿ ಅವಸರ ಬೇಡ. ಲೇಯರಿನ ಚಿಕ್ಕ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಯಾವಾಗ ಬೇಕಾದರೂ ಮತ್ತೆ Camera Rawಗೆ ಹೋಗಬಹುದು ಎಂಬುದು ನಿಜ. ಆದರೆ ಒಮ್ಮೆ ಅಳಿಸುವ ಕೆಲಸ ಶುರುವಾದ ಮೇಲೆ ಅಲ್ಲಿಗೆ ಹೋಗಬಾರದು. ವಸ್ತುವನ್ನು ಮುಚ್ಚಲು ನಾವು ಹಾಕುವ ತೇಪೆಗಳು ಆ ಕ್ಷಣದ ಬಣ್ಣದಲ್ಲೇ ಹೆಪ್ಪುಗಟ್ಟಿದ ಪಿಕ್ಸೆಲ್ಲುಗಳು. ತಳದ ಫೋಟೊ ಆಮೇಲೆ ಒಂದಿಷ್ಟು ಹಳದಿಗೆ ತಿರುಗಿದರೆ ತೇಪೆಗಳು ತಿರುಗುವುದಿಲ್ಲ. ಬಟ್ಟೆಗೆ ಬೇರೆ ಬಣ್ಣದ ತುಂಡು ಹೊಲಿದ ಹಾಗೆ ಎದ್ದು ಕಾಣುತ್ತವೆ. ಮುಂದೆ ಬಣ್ಣ ತಿದ್ದಬೇಕು ಎನಿಸಿದರೆ ಅದಕ್ಕೆ ಬೇರೆ ಜಾಗ ಇದೆ, ಹೇಳುತ್ತೇನೆ.

ವಸ್ತುವಿಗೊಂದು ಗುಂಪು

ಸ್ಮಾರ್ಟ್ ಆಬ್ಜೆಕ್ಟಿನ ಮೇಲೆ ನೇರವಾಗಿ Clone Stamp ಓಡುವುದಿಲ್ಲ. ಇದನ್ನು ತೊಂದರೆ ಎಂದುಕೊಂಡು ಬಹಳ ಜನ Rasterize ಕೊಟ್ಟುಬಿಡುತ್ತಾರೆ. ಕೊಟ್ಟ ಮೇಲೆ ಅದು ಬರೀ ಚಿತ್ರ, ಅಳಿಸಿದ್ದು ಅಳಿಸಿಹೋಯಿತು. ಅದರ ಬದಲು ಮೇಲೊಂದು ಖಾಲಿ ಲೇಯರ್ ತೆಗೆದುಕೊಂಡು, Clone Stampನ Sample ಆಯ್ಕೆಯನ್ನು Current & Below ಮಾಡಿ, ಆ ಖಾಲಿ ಲೇಯರಿನ ಮೇಲೆ ಕೆಲಸ ಮಾಡಬೇಕು. Spot Healing Brush ಆದರೆ Sample All Layers ಗುರುತು ಹಾಕಿ.

ಜಗಲಿಯ ಫೋಟೊಕ್ಕೆ ಮೂರು ಗುಂಪು ಮಾಡಿದೆ: ಕುರ್ಚಿ, ಸೈಕಲ್, ವೈರು. ಕುರ್ಚಿಯ ಗುಂಪಿನೊಳಗೆ ಮೂರು ಲೇಯರ್. ಒಂದು ಕುರ್ಚಿಯನ್ನೇ ಮುಚ್ಚಲು, ಒಂದು ನೆಲದ ಮೇಲಿನ ಅದರ ನೆರಳಿಗೆ, ಇನ್ನೊಂದು ಪ್ರತಿಬಿಂಬಕ್ಕೆ. ಆ ಮನೆಯದು ಉಜ್ಜಿ ಉಜ್ಜಿ ಹೊಳಪು ಬಂದ ರೆಡ್ ಆಕ್ಸೈಡ್ ನೆಲ. ಕುರ್ಚಿಯ ಕಾಲುಗಳು ಅದರಲ್ಲಿ ಮಸುಕಾಗಿ ಒಂದು ಗೇಣು ಕೆಳಗಿನವರೆಗೂ ಕಾಣುತ್ತಿದ್ದವು. ನೆರಳು, ಪ್ರತಿಬಿಂಬಗಳ ತೇಪೆ ವಸ್ತುವಿನ ಗುಂಪಿನಲ್ಲೇ ಇರಬೇಕು ಎಂಬುದನ್ನು ನಾನು ಯಾವತ್ತೂ ಬಿಟ್ಟುಕೊಡುವುದಿಲ್ಲ. 'ನೆಲ ಕ್ಲೀನ್' ಅಂತ ಎಲ್ಲದಕ್ಕೂ ಸೇರಿ ಒಂದೇ ಲೇಯರ್ ಮಾಡಿದರೆ, ಮುಂದೆ ಕುರ್ಚಿ ಮರಳುತ್ತದೆ, ನೆರಳು ಮರಳುವುದಿಲ್ಲ. ನೆರಳಿಲ್ಲದ ಕುರ್ಚಿ ನೆಲದಿಂದ ಎರಡು ಬೆರಳು ಮೇಲೆ ತೇಲುತ್ತದೆ.

ಹತ್ತಿರ ಹತ್ತಿರ ಇರುವ ಎರಡು ವಸ್ತುಗಳ ಗಡಿಯಲ್ಲೇ ನಿಜವಾದ ಕಷ್ಟ. ಸೈಕಲ್ಲಿನ ನೆರಳು ಕುರ್ಚಿಯ ಹಿಂದಿನ ಕಾಲಿನ ಮೇಲೆ ಬಿದ್ದಿತ್ತು. ನಾನು ಕುರ್ಚಿಯನ್ನು ಮೊದಲು ಅಳಿಸಿ, ಆಮೇಲೆ ಮೇಲಿನ ಗುಂಪಿನಲ್ಲಿ ಸೈಕಲ್ ಅಳಿಸಿದ್ದೆ. ಸೈಕಲ್ಲಿನ ತೇಪೆ ಧಾರಾಳವಾಗಿ ಆ ಕಾಲಿದ್ದ ಜಾಗದ ಮೇಲೂ ಹರಡಿತ್ತು. ಎರಡೂ ಗುಂಪು ಕಾಣುತ್ತಿರುವಾಗ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಲ್ಲಿರುವುದು ಬರೀ ನೆಲ. ಕುರ್ಚಿಯ ಗುಂಪಿನ ಕಣ್ಣು ಮುಚ್ಚಿದಾಗ ಕುರ್ಚಿ ಬಂತು, ಒಂದು ಕಾಲು ಅರ್ಧಕ್ಕೆ ಕಡಿದಂತಿತ್ತು.

ಇದನ್ನು ಅಳಿಸಿದ ದಿನವೇ ಕಂಡುಹಿಡಿಯಬೇಕು. ಪ್ರತಿ ಗುಂಪನ್ನೂ ಒಂದೊಂದಾಗಿ ಮುಚ್ಚಿ, 100 ಪರ್ಸೆಂಟ್‌ಗೆ ಹಿಗ್ಗಿಸಿ, ಮರಳಿದ ವಸ್ತುವಿನ ಸುತ್ತ ಒಂದು ಸುತ್ತು ಕಣ್ಣಾಡಿಸಿ. ಕಡಿದುಹೋದ ಭಾಗ ಕಂಡರೆ ಪಕ್ಕದ ಗುಂಪಿಗೆ ಮಾಸ್ಕ್ ಹಾಕಿ ಅಷ್ಟು ಜಾಗಕ್ಕೆ ಕಪ್ಪು ಬಳಿಯಿರಿ. ಹಾಗೆ ಬಳಿದಾಗ ಕಾಲಂತೂ ಬಂತು, ಅದರ ಮೇಲೆ ಬಿದ್ದಿದ್ದ ಸೈಕಲ್ಲಿನ ನೆರಳೂ ಬಂತು. ಕಾಲಿನ ಮೇಲ್ಭಾಗದ ಮರವನ್ನೇ ಸ್ಯಾಂಪಲ್ ಮಾಡಿ ಬೇರೆ ಒಂದು ಲೇಯರಿನಲ್ಲಿ ಆ ನೆರಳನ್ನು ಮುಚ್ಚಿದೆ. ಆ ಲೇಯರ್ ಕುರ್ಚಿ ಕಾಣುವಾಗ ಮಾತ್ರ ಬೇಕು, ಆದ್ದರಿಂದ ಅದಕ್ಕೆ 'ಕುರ್ಚಿ ಇದ್ದರೆ ಮಾತ್ರ' ಎಂದೇ ಹೆಸರಿಟ್ಟಿದ್ದೇನೆ.

ಇಂಥ ಗಡಿಗಳಲ್ಲಿ ಹೀಲಿಂಗ್ ಬ್ರಷ್‌ಗಿಂತ Clone Stamp ಒಳ್ಳೆಯದು. ಹೀಲಿಂಗ್ ಬ್ರಷ್ ಸುತ್ತಲಿನ ಬಣ್ಣವನ್ನು ಎಳೆದುಕೊಂಡು ಬೆರೆಸುತ್ತದೆ. ಕುರ್ಚಿ ಇಲ್ಲದಾಗ ಬೆರೆಸಿದ ಬಣ್ಣ ಕುರ್ಚಿ ಬಂದ ಮೇಲೆ ಅದರ ಪಕ್ಕದಲ್ಲಿ ಹೊಂದುವುದೇ ಇಲ್ಲ. Clone Stamp ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುತ್ತದೆ.

ತೇಪೆ ಕಾಣುತ್ತದೆಯೇ ಎಂದು ನೋಡಲು ಎಲ್ಲಕ್ಕಿಂತ ಮೇಲೆ ಒಂದು Curves ಲೇಯರ್ ಹಾಕಿ, ಗೆರೆಯನ್ನು ಹಾವಿನ ಹಾಗೆ ಕಡಿದಾಗಿ ಏರಿಳಿಸಿ. ಬರಿಗಣ್ಣಿಗೆ ಕಾಣದ ಬಣ್ಣದ ವ್ಯತ್ಯಾಸ ಪಟ್ಟೆಪಟ್ಟೆಯಾಗಿ ಎದ್ದು ಬರುತ್ತದೆ. ತಿದ್ದಿಯಾದ ಮೇಲೆ ಆ ಲೇಯರ್ ಕಿತ್ತುಹಾಕಿ. ತಿದ್ದುವಾಗ ಅದು ಆನ್ ಇದ್ದು, Sample All Layers ಕೂಡ ಆನ್ ಇದ್ದರೆ ಆ ವಿಕಾರ ಬಣ್ಣವೇ ತೇಪೆಯೊಳಗೆ ಸೇರಿಬಿಡುತ್ತದೆ. ಹಾಗಾಗಿ ನೋಡುವಾಗ ಆನ್, ಕೈ ಹಚ್ಚುವಾಗ ಆಫ್.

ಎಲ್ಲವನ್ನೂ ಒಂದು ಡಬ್ಬಿಗೆ

ತಳದ ರಾ ಲೇಯರ್, ಮೂರೂ ಗುಂಪುಗಳು ಮತ್ತು 'ಕುರ್ಚಿ ಇದ್ದರೆ ಮಾತ್ರ' ಲೇಯರ್ ಎಲ್ಲವನ್ನೂ ಒಟ್ಟಿಗೆ ಆಯ್ಕೆ ಮಾಡಿ, ರೈಟ್ ಕ್ಲಿಕ್ ಮಾಡಿ Convert to Smart Object ಕೊಡಿ. ಈಗ ಹೊರಗೆ ಕಾಣುವುದು ಒಂದೇ ಲೇಯರ್. ಅದಕ್ಕೆ 'ಜಗಲಿ' ಎಂದು ಹೆಸರಿಡಿ. ನೆಟ್ಟಗೆ ಮಾಡುವುದು, ಬಣ್ಣ, ಶಾರ್ಪ್‌ನೆಸ್ ಎಲ್ಲ ಇನ್ನು ಮುಂದೆ ಇದರ ಹೊರಗೆ. ಕಂಬಗಳ ವಾಲುವಿಕೆಗೆ Ctrl+T, ಬಣ್ಣಕ್ಕೆ ಮೇಲೊಂದು Curves ಲೇಯರ್, ಶಾರ್ಪ್‌ನೆಸ್‌ಗೆ ಇದೇ ಲೇಯರಿನ ಮೇಲೆ ಸ್ಮಾರ್ಟ್ ಫಿಲ್ಟರ್.

ಈ ಡಬ್ಬಿ ಇಲ್ಲದೆ, ತಳದ ಲೇಯರನ್ನು ಮಾತ್ರ ನೆಟ್ಟಗೆ ಮಾಡಲು ಹೋದರೆ ತೇಪೆಗಳು ಹಳೆಯ ಜಾಗದಲ್ಲೇ ಉಳಿದು, ಅಳಿಸಿದ ಸೈಕಲ್ಲಿನ ಹ್ಯಾಂಡಲ್ ಅಂಚಿನಲ್ಲಿ ಇಣುಕುತ್ತದೆ. ಡಬ್ಬಿಯೊಳಗಿದ್ದರೆ ಫೋಟೊ ಮತ್ತು ತೇಪೆ ಒಟ್ಟಿಗೇ ವಾಲುತ್ತವೆ, ಒಟ್ಟಿಗೇ ಬಣ್ಣ ಪಡೆಯುತ್ತವೆ. ಇದೇ ಕಾರಣಕ್ಕೆ ಮುಂದೆ ಇನ್ನೊಂದು ವಸ್ತು ತೆಗೆಯಲು ಹೇಳಿದರೂ ಡಬ್ಬಿಯ ಹೊರಗೆ ತೇಪೆ ಹಾಕಬೇಡಿ, ಒಳಗೆ ಹೋಗಿಯೇ ಹಾಕಿ.

'ಜಗಲಿ' ಲೇಯರನ್ನು Ctrl+J ಕೊಟ್ಟು ನಕಲು ಮಾಡಿದರೆ ಅದು ಬೇರೆ ಡಬ್ಬಿ ಅಲ್ಲ, ಅದೇ ಡಬ್ಬಿಗೆ ಇನ್ನೊಂದು ಕಿಟಕಿ ಅಷ್ಟೆ. ಒಂದರಲ್ಲಿ ಕುರ್ಚಿ ತಂದರೆ ಎರಡರಲ್ಲೂ ಬರುತ್ತದೆ. ಬೇರೆಯೇ ಬೇಕಿದ್ದರೆ New Smart Object via Copy ಕೊಡಬೇಕು.

ಕೊಡುವಾಗ, ಇಡುವಾಗ

ಗಿರಾಕಿಗೆ ಹೋಗುವ JPEG ಅನ್ನು Save a Copy ಮಾಡಿಯೇ ತೆಗೆಯಿರಿ. ಮೂಲ ಫೈಲಿಗೆ Flatten Image ಬೇಡವೇ ಬೇಡ. 24 ಮೆಗಾಪಿಕ್ಸೆಲ್ ಫೋಟೊದ 16 ಬಿಟ್‌ನ ಒಂದು ಪೂರ್ತಿ ಲೇಯರ್ ಬಿಚ್ಚಿದಾಗ ಸುಮಾರು 144 ಎಂಬಿ ಆಗುತ್ತದೆ. ತೇಪೆಯ ಲೇಯರುಗಳಲ್ಲಿ ಬಹುಪಾಲು ಖಾಲಿ ಜಾಗವೇ ಇರುವುದರಿಂದ ಅವು ಹೆಚ್ಚು ಜಾಗ ತಿನ್ನುವುದಿಲ್ಲ. 'ಬ್ಯಾಕಪ್ ಇರಲಿ' ಎಂದು ಇಡೀ ಫೋಟೊವನ್ನು ನಾಲ್ಕೈದು ಸಲ ನಕಲು ಮಾಡಿಡುವ ಅಭ್ಯಾಸವೇ ಫೈಲನ್ನು ಉಬ್ಬಿಸುವುದು. PSD ಫೈಲಿನ ಮಿತಿ 2 ಜಿಬಿ. ಅದರ ಹತ್ತಿರ ಬಂದರೆ PSB ಆಗಿ ಉಳಿಸಿ.

ಕುರ್ಚಿ ಮರಳಿದ ದಿನ

ಫೋನ್ ಇಟ್ಟ ಮೇಲೆ ಹಳೆಯ ಫೈಲ್ ತೆರೆದೆ. 'ಜಗಲಿ' ಲೇಯರಿನ ಚಿಕ್ಕ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಒಳಗಿನ ಫೈಲ್ ಬೇರೆ ಟ್ಯಾಬಿನಲ್ಲಿ ತೆರೆಯಿತು. ಕುರ್ಚಿಯ ಗುಂಪಿನ ಕಣ್ಣು ಮುಚ್ಚಿದೆ, 'ಕುರ್ಚಿ ಇದ್ದರೆ ಮಾತ್ರ' ಲೇಯರಿನ ಕಣ್ಣು ತೆರೆದೆ. ಮತ್ತೆ ಕೇಳಿದರೆ ಇರಲಿ ಎಂದು Layer Comps ಪ್ಯಾನೆಲ್‌ನಲ್ಲಿ 'ಕುರ್ಚಿ ಸಹಿತ', 'ಕುರ್ಚಿ ರಹಿತ' ಎಂದು ಎರಡು ಸ್ಥಿತಿ ದಾಖಲಿಸಿದೆ. ಹಾಗೆ ದಾಖಲಿಸಿ ಒಳಗಿನ ಫೈಲ್ ಉಳಿಸಿದರೆ, ಮುಂದಿನ ಸಲ ಒಳಗೆ ಹೋಗುವುದೂ ಬೇಡ. ಹೊರಗಿನಿಂದಲೇ Properties ಪ್ಯಾನೆಲ್‌ನಲ್ಲಿ ಬೇಕಾದದ್ದನ್ನು ಆರಿಸಬಹುದು.

ಉಳಿಸುವಾಗ Ctrl+S ಮಾತ್ರ. Save As ಕೊಟ್ಟು ಬೇರೆ ಫೋಲ್ಡರಿಗೆ ಹಾಕಿದರೆ ಅದು ಬೇರೆಯೇ ಫೈಲ್ ಆಗುತ್ತದೆ, ಡಬ್ಬಿಗೆ ಸುದ್ದಿ ಮುಟ್ಟುವುದಿಲ್ಲ. ಹೊರಗಿನ ಫೈಲನ್ನು ಅಷ್ಟರಲ್ಲಿ ಮುಚ್ಚಿರಲೂಬಾರದು.

ಹೊರಗಿನ ಟ್ಯಾಬಿಗೆ ಬಂದಾಗ ಕುರ್ಚಿ ಬಂದು ಕೂತಿತ್ತು. ನೆಟ್ಟಗಾದ ಕಂಬದ ಪಕ್ಕದಲ್ಲಿ, ಸಂಜೆಯ ಬಣ್ಣದಲ್ಲಿ, ಕಾಲುಗಳ ಪ್ರತಿಬಿಂಬ ಕೆಂಪು ನೆಲದಲ್ಲಿ. ಅಜ್ಜನ ಕೈ ತಾಗಿ ತಾಗಿ ಬಿಳಿಚಿದ ಹಿಡಿಕೆಯ ಮರ ಮಾತ್ರ ಈ ಬಣ್ಣದಲ್ಲಿ ಸ್ವಲ್ಪ ಹೆಚ್ಚೇ ಹೊಳೆಯುತ್ತಿತ್ತು. ಹೊರಗಿನ Curves ಲೇಯರಿನ ಮಾಸ್ಕ್‌ನಲ್ಲಿ, ಆ ಹಿಡಿಕೆಯ ಮೇಲಷ್ಟೇ, 30 ಪರ್ಸೆಂಟ್ ಒಪ್ಯಾಸಿಟಿಯ ಮೆತ್ತನೆಯ ಕಪ್ಪು ಬ್ರಷ್ಷನ್ನು ಎರಡು ಸಲ ಎಳೆದು ಫೋಟೊ ಕಳಿಸಿದೆ.