ಒಂದು ಬಿಲ್ಲೂ 30,000 ದಾಟಿರಲಿಲ್ಲ, ಆದರೂ ಟಿಡಿಎಸ್ ತಪ್ಪಿತ್ತು

2024-25ರಲ್ಲಿ ನಮ್ಮ ಕಚೇರಿಯ ಪೇಂಟಿಂಗ್ ಗುತ್ತಿಗೆದಾರರಿಗೆ ನಾಲ್ಕು ಬಿಲ್ ಪಾವತಿಸಿದ್ದೆವು: 28,000, 26,000, 27,000 ಮತ್ತು ಡಿಸೆಂಬರ್ 12ರಂದು 25,000. ಆಗಿನ ಸೆಕ್ಷನ್ 194ಸಿ ಪ್ರಕಾರ ಒಂದೇ ಪಾವತಿ 30,000 ರೂಪಾಯಿ ಅಥವಾ ವರ್ಷದ ಒಟ್ಟು ಪಾವತಿ ಒಂದು ಲಕ್ಷ ಮೀರಿದರೆ ಟಿಡಿಎಸ್ ಹಿಡಿಯಬೇಕಿತ್ತು. ಹಾಗಾಗಿ ಮೊದಲ ಮೂರಕ್ಕೆ ಏನೂ ಹಿಡಿದಿರಲಿಲ್ಲ, ಅದು ಸರಿಯೇ. ನಾಲ್ಕನೆಯದಕ್ಕೆ ವರ್ಷದ ಮೊತ್ತ ಒಂದು ಲಕ್ಷ ದಾಟಿತೆಂದು 25,000ಕ್ಕೆ ಶೇ. 1ರಂತೆ 250 ರೂಪಾಯಿ ಹಿಡಿದೆ.

ಡಿಸೆಂಬರ್ 28ರಂದು ಐದನೇ ಬಿಲ್ ಕೈಯಲ್ಲಿ ಹಿಡಿದು ಲೆಡ್ಜರ್ ನೋಡುವಾಗ ಎರಡು ತಪ್ಪು ಕಂಡವು. ಒಂದು, ಮಿತಿ ದಾಟಿದ ಮೇಲೆ ತೆರಿಗೆ ಬರೀ ಆ ಬಿಲ್ಲಿಗಲ್ಲ, ಹಿಂದಿನವೂ ಸೇರಿ ಇಡೀ 1,06,000ಕ್ಕೆ. ಎರಡು, ಬಿಲ್ ಮೇಲೆ ವ್ಯಕ್ತಿಯೊಬ್ಬರ ಹೆಸರಿದ್ದರೂ ಪ್ಯಾನ್‌ನ ನಾಲ್ಕನೇ ಅಕ್ಷರ `F`, ಅಂದರೆ ಪಾಲುದಾರಿಕೆ ಸಂಸ್ಥೆ. ಶೇ. 1 ದರ `P` (ವ್ಯಕ್ತಿ) ಮತ್ತು `H` (ಹಿಂದೂ ಅವಿಭಕ್ತ ಕುಟುಂಬ) ಇದ್ದವರಿಗೆ ಮಾತ್ರ. ಸಂಸ್ಥೆಗೂ ಕಂಪನಿಗೂ ಶೇ. 2. ಅಂಗಡಿಯ ಹೆಸರಿನಲ್ಲಿ ಬಿಲ್ ಕೊಡುವ ಒಬ್ಬರೇ ಮಾಲೀಕರಿಗೆ ಶೇ. 1 ಸಾಕು, ಅವರ ಪ್ಯಾನ್‌ನಲ್ಲಿ `P` ಇರುತ್ತದೆ. ಬಿಲ್ಲಿನ ಹೆಸರನ್ನು ನಂಬಲೇಬಾರದು.

ಹಿಡಿಯಬೇಕಾದದ್ದು 2,120, ಹಿಡಿದದ್ದು 250. ಬಾಕಿ 1,870ನ್ನು ಗುತ್ತಿಗೆದಾರರಿಗೆ ಲೆಕ್ಕ ತೋರಿಸಿ, ಒಪ್ಪಿಸಿ, ಐದನೇ ಬಿಲ್ಲಿನಲ್ಲಿ ಅದರದೇ ಟಿಡಿಎಸ್ ಜೊತೆ ಕಡಿತ ಮಾಡಿದೆ. ತಡವಾಗಿ ಹಿಡಿದದ್ದಕ್ಕೆ ತಿಂಗಳಿಗೆ ಶೇ. 1 ಬಡ್ಡಿ, ಸುಮಾರು 19 ರೂಪಾಯಿ, ನಮ್ಮ ಕೈಯಿಂದಲೇ ಹೋಯಿತು. ಎಲ್ಲವನ್ನೂ ಜನವರಿ 7ರೊಳಗೆ ಕಟ್ಟಿದೆ. ಈಗ ಸಾಫ್ಟ್‌ವೇರ್‌ನಲ್ಲಿ ಪ್ರತಿ ಗುತ್ತಿಗೆದಾರರ ದರವನ್ನು ಪ್ಯಾನ್ ನೋಡಿಯೇ ನಮೂದಿಸುತ್ತೇನೆ.